ಲಾಭ ಪುಸ್ತಕದಲ್ಲಿದೆ, ಸಂಬಳದ ದುಡ್ಡು ಎಲ್ಲಿದೆ?

"ಲಾಭ ಬಂದಿದೆ ಅಂತೀರಿ, ತೆರಿಗೆ ಕಟ್ಟಿ ಅಂತೀರಿ. ಆ ಲಾಭ ಎಲ್ಲಿದೆ ತೋರಿಸಿ ಸಾರ್." ವರ್ಷದ ಲೆಕ್ಕ ಮುಗಿಸಿ ಆಡಿಟರು ಸಹಿಗೆ ಕಾಗದ ಮುಂದಿಟ್ಟಾಗ ಸಣ್ಣ ಕೈಗಾರಿಕೆಯ ಮಾಲೀಕರು ಕೇಳುವ ಪ್ರಶ್ನೆ ಇದು. ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡವರೂ ಕೇಳುತ್ತಾರೆ, ಬೆಳಗಾವಿಯ ಉದ್ಯಮಬಾಗಿನಲ್ಲಿ ಎರಕದ ಕೆಲಸ ಮಾಡುವವರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಪುಸ್ತಕದಲ್ಲಿ ಹದಿನಾಲ್ಕು ಲಕ್ಷ ಲಾಭ ಕಾಣುತ್ತಿದೆ. ಬ್ಯಾಂಕಿನಲ್ಲಿ ಹುಡುಗರ ಸಂಬಳಕ್ಕಾಗುವಷ್ಟೂ ಇಲ್ಲ. ಆಡಿಟರು ತಪ್ಪು ಲೆಕ್ಕ ಬರೆದಿಲ್ಲ, ಯಾರೂ ಕದ್ದೂ ಇಲ್ಲ. ದುಡ್ಡು ಇದೆ, ಆದರೆ ಬೇರೆ ರೂಪದಲ್ಲಿ, ಬೇರೆಯವರ ಹತ್ತಿರ ಇದೆ. ಅದು ಎಲ್ಲಿ ಕೂತಿದೆ, ಯಾವ ವಾರ ಕೈಗೆ ಬರುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಲು ಒಂದು ಹಾಳೆ ಸಾಕು. ಆ ಹಾಳೆಯನ್ನು ಕಟ್ಟುವ ಬಗೆಯನ್ನು ಒಂದು ಸಣ್ಣ ವರ್ಕ್‌ಶಾಪಿನ ಲೆಕ್ಕ ಹಿಡಿದು ಹೇಳುತ್ತೇನೆ. ವರ್ಕ್‌ಶಾಪು ಕಲ್ಪಿತ. ಅದರ ಅಂಕಿಗಳನ್ನು ಓದುವುದಕ್ಕೆ ಸುಲಭವಾಗುವಂತೆ ದುಂಡಗೆ ಇಟ್ಟಿದ್ದೇನೆ.

ಎರಡು ಸಿಎನ್‌ಸಿ ಲೇತ್, ಆರೇಳು ಜನ ಕೆಲಸಗಾರರು, ಬಾಡಿಗೆ ಶೆಡ್ಡು. ಪಂಪ್ ತಯಾರಿಸುವ ಒಂದು ದೊಡ್ಡ ಕಂಪನಿಗೆ ಶಾಫ್ಟ್ ಮತ್ತು ಬುಷ್ ಮಾಡಿಕೊಡುತ್ತಾರೆ. ಎರಡು ವಾರಕ್ಕೊಂದು ಲಾಟ್ ಹೋಗುತ್ತದೆ. ಒಂದು ಲಾಟಿನ ಬಿಲ್ಲು 4 ಲಕ್ಷ, ಅದರ ಮೇಲೆ ಶೇ. 18 ಜಿಎಸ್‌ಟಿ 72 ಸಾವಿರ, ಒಟ್ಟು 4.72 ಲಕ್ಷ. ಅದಕ್ಕೆ ಬೇಕಾದ ಉಕ್ಕಿನ ಬಾರಿಗೆ 2 ಲಕ್ಷ, ಜಿಎಸ್‌ಟಿ ಸೇರಿ 2.36 ಲಕ್ಷ. ಸಂಬಳ, ಬಾಡಿಗೆ, ಕರೆಂಟು, ಟೂಲು, ಸಾಗಣೆ ಎಲ್ಲ ಸೇರಿ ಲಾಟಿಗೆ 1.45 ಲಕ್ಷ. ನಾಲ್ಕು ಲಕ್ಷದಲ್ಲಿ ಎರಡು ಲಕ್ಷ, ಒಂದು ಲಕ್ಷ ನಲವತ್ತೈದು ಸಾವಿರ ಕಳೆದರೆ ಉಳಿಯುವುದು 55 ಸಾವಿರ. ಅದು ಲಾಭ. ಯಂತ್ರದ ಸಾಲದ ಕಂತು ಮತ್ತು ಸವಕಳಿಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಈಗ ಇದೇ ಲಾಟನ್ನು ತಾರೀಖು ಹಿಡಿದು ಹಿಂಬಾಲಿಸಿ. ಜೂನ್ 2ಕ್ಕೆ ಉಕ್ಕು ಬಂತು. ಸಣ್ಣ ಗಿರಾಕಿಗೆ ಉಕ್ಕಿನ ವ್ಯಾಪಾರಿ ಸಾಲ ಕೊಡುವುದಿಲ್ಲ. ಅಂದೇ 2.36 ಲಕ್ಷ ಕೈಬಿಟ್ಟಿತು. ಮೂರು ವಾರ ಕೆಲಸ ನಡೆದು, ಜೂನ್ 25ಕ್ಕೆ ಮಾಲು ಲಾರಿ ಹತ್ತಿ ಬಿಲ್ಲು ಆಗುವ ಹೊತ್ತಿಗೆ ಉಳಿದ 1.45 ಲಕ್ಷವೂ ಸ್ವಲ್ಪಸ್ವಲ್ಪವಾಗಿ ಹೋಗಿತ್ತು. ಬಿಲ್ಲು ಬರೆದ ಆ ಕ್ಷಣಕ್ಕೆ ಟ್ಯಾಲಿಯಲ್ಲಿ ಮಾರಾಟ ದಾಖಲಾಯಿತು, 55 ಸಾವಿರ ಲಾಭ ಹುಟ್ಟಿತು. ಪುಸ್ತಕಕ್ಕೆ ಬೇಕಾದದ್ದು ಮಾಲು ಕೈಬದಲಾದದ್ದು ಮಾತ್ರ. ದುಡ್ಡು ಬಂತೋ ಇಲ್ಲವೋ ಎಂದು ಲಾಭ-ನಷ್ಟದ ಲೆಕ್ಕ ಕೇಳುವುದಿಲ್ಲ.

ಜುಲೈ 20ಕ್ಕೆ ಜಿಎಸ್‌ಟಿ. ಜೂನ್ ತಿಂಗಳ ಬಿಲ್ಲಿನ 72 ಸಾವಿರದಲ್ಲಿ ಉಕ್ಕಿನ ಮೇಲೆ ಕೊಟ್ಟ 36 ಸಾವಿರ ವಜಾ, ಉಳಿದ 36 ಸಾವಿರ ಕಟ್ಟಬೇಕು. ಗಿರಾಕಿ ಕಂಪನಿ ಇನ್ನೂ ಒಂದು ರೂಪಾಯಿ ಕೊಟ್ಟಿಲ್ಲ. ಆದರೂ ಅವರಿಂದ ವಸೂಲಾಗಬೇಕಾದ ತೆರಿಗೆಯನ್ನು ಇವರು ತಮ್ಮ ಜೇಬಿನಿಂದ ಸರಕಾರಕ್ಕೆ ಕಟ್ಟಿದರು. ಜಿಎಸ್‌ಟಿಯಲ್ಲಿ ತೆರಿಗೆ ಹುಟ್ಟುವುದು ಬಿಲ್ಲಿನ ಮೇಲೆ, ವಸೂಲಿಯ ಮೇಲಲ್ಲ. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸಣ್ಣವರಿಗೂ ಇದರಿಂದ ಬಿಡುಗಡೆಯಿಲ್ಲ. ತ್ರೈಮಾಸಿಕದ ಮೊದಲ ಎರಡು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಅವರೂ ಕಟ್ಟಬೇಕು.

ಪರ್ಚೇಸ್ ಆರ್ಡರಿನಲ್ಲಿ 45 ದಿನ ಎಂದು ಬರೆದಿದೆ. ಆ ಕಂಪನಿಯಿಂದ ದುಡ್ಡು ಬಂದದ್ದು ಸೆಪ್ಟೆಂಬರ್ 5ಕ್ಕೆ. ಉಕ್ಕು ಕೊಂಡ ದಿನದಿಂದ 95 ದಿನ. ಹೋದದ್ದು ಒಟ್ಟು 4.17 ಲಕ್ಷ, ಬಂದದ್ದು 4.72 ಲಕ್ಷ, ಮಿಕ್ಕಿದ್ದು ಅದೇ 55 ಸಾವಿರ. ಪುಸ್ತಕ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ ಲಾಭವೇ ಕೊನೆಗೆ ಕೈಗೆ ಬಂತು, ಬಿಲ್ಲಾದ ಹತ್ತು ವಾರದ ಮೇಲೆ ಬಂತು.

ಒಂದೇ ಲಾಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಎರಡು ವಾರಕ್ಕೊಂದು ಲಾಟ್ ಹೊರಡುತ್ತದೆ. ಮೊದಲನೆಯದರ ದುಡ್ಡು ಬರುವ ಹೊತ್ತಿಗೆ ಅದರ ಹಿಂದೆ ಇನ್ನೂ ಆರು ಲಾಟ್ ಸಾಲುಗಟ್ಟಿರುತ್ತವೆ. ಕೆಲವು ಯಂತ್ರದ ಮೇಲೆ, ಕೆಲವು ಗಿರಾಕಿಯ ಗೋದಾಮಿನಲ್ಲಿ, ಕೆಲವು ಅವರ ಅಕೌಂಟ್ಸ್ ವಿಭಾಗದ ಕಡತದಲ್ಲಿ. ದಿನದ ಲೆಕ್ಕ ಹಾಕಿ ಸರಾಸರಿ ತೆಗೆದರೆ ಯಾವ ಹೊತ್ತಿನಲ್ಲಿ ನೋಡಿದರೂ ಸುಮಾರು 26 ಲಕ್ಷ ಈ ಸಾಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ವರ್ಷಕ್ಕೆ 26 ಲಾಟ್, ಲಾಟಿಗೆ 55 ಸಾವಿರದಂತೆ ವರ್ಷದ ಲಾಭ 14.3 ಲಕ್ಷ. ಸುಮಾರು ಎರಡು ವರ್ಷದ ಲಾಭದಷ್ಟು ದುಡ್ಡು ಸದಾ ಹೊರಗೇ ಇರುತ್ತದೆ. ಆ ಮಾಲೀಕರ ಪ್ರಶ್ನೆಗೆ ಮುಖ್ಯ ಉತ್ತರ ಇದು.

ಉಳಿದ ಉತ್ತರ ಯಂತ್ರದಲ್ಲಿದೆ. ಇಪ್ಪತ್ತು ಲಕ್ಷದ ಲೇತನ್ನು 5 ಲಕ್ಷ ಕೈಯಿಂದ ಹಾಕಿ, 15 ಲಕ್ಷ ಸಾಲ ಮಾಡಿ ಕೊಂಡರು ಎನ್ನಿ. ಕೈಯಿಂದ ಹೋದ 5 ಲಕ್ಷ ಲಾಭ-ನಷ್ಟದ ಲೆಕ್ಕದಲ್ಲಿ ಖರ್ಚೆಂದು ಕಾಣುವುದಿಲ್ಲ. ವರ್ಷಕ್ಕೆ ಶೇ. 15ರ ಸವಕಳಿ ಮಾತ್ರ ಕಾಣುತ್ತದೆ, ಅದಕ್ಕೆ ನಗದು ಹೋಗುವುದಿಲ್ಲ. ತಿಂಗಳ ಕಂತು 55 ಸಾವಿರ. ಆರಂಭದಲ್ಲಿ ಅದರಲ್ಲಿ ಬಡ್ಡಿ ಸುಮಾರು 13 ಸಾವಿರ, ಅದಷ್ಟೇ ಖರ್ಚು. ಮಿಕ್ಕ 42 ಸಾವಿರ ಅಸಲು. ಅಸಲು ತೀರಿಸುವುದು ಪುಸ್ತಕದ ದೃಷ್ಟಿಯಲ್ಲಿ ಖರ್ಚಲ್ಲ, ಸಾಲ ಕಡಿಮೆಯಾದದ್ದು. ಬ್ಯಾಂಕ್ ಖಾತೆಯಿಂದ ಮಾತ್ರ ಪೂರ್ತಿ 55 ಸಾವಿರ ಪ್ರತಿ ತಿಂಗಳೂ ಹೋಗುತ್ತದೆ. ಮಾಲೀಕರು ಮನೆಗೆ ತೆಗೆದುಕೊಂಡು ಹೋಗುವ ದುಡ್ಡೂ ಹಾಗೆಯೇ. ಸ್ವಂತ ಹೆಸರಿನ ವ್ಯವಹಾರವಾದರೆ ಅದು ಬಂಡವಾಳದಿಂದ ತೆಗೆದದ್ದು, ಲಾಭದಿಂದ ಕಳೆಯುವಂಥದ್ದಲ್ಲ. ಉಕ್ಕಿನ ಬೆಲೆ ಏರುತ್ತದೆಂದು ಮೂರು ತಿಂಗಳ ಬಾರನ್ನು ಒಟ್ಟಿಗೆ ತಂದು ಗೋಡೆಗೆ ಒರಗಿಸಿದರೂ ಲಾಭದ ಅಂಕಿ ಕದಲುವುದಿಲ್ಲ. ಮಾರಾಟವಾಗುವವರೆಗೆ ಅದು ದಾಸ್ತಾನು, ಖರ್ಚಲ್ಲ.

ಇದು ಸಣ್ಣವರ ಕಷ್ಟ ಮಾತ್ರ ಎಂದುಕೊಳ್ಳಬಾರದು. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಳಿಗೆಗಳಿದ್ದ ಡಬ್ಲ್ಯು.ಟಿ. ಗ್ರಾಂಟ್ ಎಂಬ ಚಿಲ್ಲರೆ ವ್ಯಾಪಾರದ ಕಂಪನಿ 1975ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಎರಡು ವರ್ಷ ಮೊದಲಿನವರೆಗೂ ಅದರ ಪುಸ್ತಕದಲ್ಲಿ ಲಾಭವಿತ್ತು. ಗಿರಾಕಿಗಳಿಗೆ ಸಾಲದಲ್ಲಿ ಮಾರಿ ಮಾರಿ, ಮಳಿಗೆಗಳಲ್ಲಿ ದಾಸ್ತಾನು ಪೇರಿಸಿ, ವ್ಯಾಪಾರದಿಂದ ಬರುವ ನಗದು ಬಹಳ ವರ್ಷಗಳಿಂದ ಬತ್ತಿತ್ತು. ಲಾರ್ಗೆ ಮತ್ತು ಸ್ಟಿಕ್ನಿ ಎಂಬ ಇಬ್ಬರು ಲೆಕ್ಕಶಾಸ್ತ್ರದ ಅಧ್ಯಾಪಕರು 1980ರಲ್ಲಿ ಇದನ್ನು ಬಿಡಿಸಿ ತೋರಿಸಿದ್ದನ್ನು ಇಂದಿಗೂ ಪಾಠ ಮಾಡುತ್ತಾರೆ. ನಮ್ಮಲ್ಲಿ 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ವರ್ಷದ ಲೆಕ್ಕದ ಜೊತೆ ನಗದು ಹರಿವಿನ ಪಟ್ಟಿಯನ್ನೂ ಕೊಡಬೇಕು. ಸಣ್ಣ ಕಂಪನಿಗಳಿಗೆ ವಿನಾಯಿತಿ ಇದೆ. ಕಾಗದಪತ್ರದ ಹೊರೆ ತಗ್ಗಲೆಂದು ಕೊಟ್ಟ ವಿನಾಯಿತಿ ಅದು. ಆದರೆ ಆ ಪಟ್ಟಿ ಯಾರಿಗೆ ತೀರಾ ಬೇಕೋ ಅವರ ಕೈಗೆ ಅದು ತಾನಾಗಿ ಸಿಗದಂತಾಗಿದೆ. ಅವರು ತಾವೇ ಮಾಡಿಕೊಳ್ಳಬೇಕು.

ಮಾಡಿಕೊಳ್ಳಬೇಕಾದದ್ದು ವರ್ಷದ ಪಟ್ಟಿಯಲ್ಲ, ತಿಂಗಳದ್ದೂ ಅಲ್ಲ, ವಾರದ್ದು. ನಮ್ಮ ವರ್ಕ್‌ಶಾಪಿನ ಜುಲೈ ತಿಂಗಳನ್ನು ಒಟ್ಟಾಗಿ ನೋಡಿದರೆ ಯಾವ ತೊಂದರೆಯೂ ಕಾಣುವುದಿಲ್ಲ. ಕೈಯಲ್ಲಿ 1.90 ಲಕ್ಷ ಇದೆ, ಎರಡು ಲಾಟಿನ 9.44 ಲಕ್ಷ ಬರುತ್ತದೆ, 9.34 ಲಕ್ಷ ಹೋಗುತ್ತದೆ, ತಿಂಗಳ ಕೊನೆಗೆ 2 ಲಕ್ಷ ಉಳಿಯುತ್ತದೆ. ಆದರೆ ಖರ್ಚುಗಳು ತಿಂಗಳ ಕೊನೆಯವರೆಗೆ ಕಾಯುವುದಿಲ್ಲ. ಸಂಬಳ 7ಕ್ಕೆ, ಕಂತು ಮತ್ತು ಬಾಡಿಗೆ 10ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, ಜಿಎಸ್‌ಟಿ 20ಕ್ಕೆ. ಇಪ್ಪತ್ತರಂದು ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಮೂವತ್ತೊಂದಕ್ಕೆ ಎಷ್ಟು ಉಳಿದರೂ ಆ ದಿನಕ್ಕೆ ಅದು ಸಿಗದು. ದಿನದ ಪಟ್ಟಿ ಮಾಡಬಹುದಾದರೂ ಅಷ್ಟು ನಿಖರವಾಗಿ ಯಾರ ಪೇಮೆಂಟೂ ಬರುವುದಿಲ್ಲವಾದ್ದರಿಂದ ಅದು ಎರಡೇ ದಿನದಲ್ಲಿ ಹಳಸುತ್ತದೆ. ವಾರ ಎಂಬುದು ನಡುವಿನ ಅಳತೆ. ಹದಿಮೂರು ವಾರ, ಅಂದರೆ ಮೂರು ತಿಂಗಳು ಮುಂದಕ್ಕೆ ಬರೆಯುವುದು ರೂಢಿ. ಈ ವರ್ಕ್‌ಶಾಪಿಗೆ ಅದು ಸರಿಹೊಂದುತ್ತದೆ ಕೂಡ. ಇಂದು ಉಕ್ಕು ತಂದ ಲಾಟಿನ ದುಡ್ಡು ಬರುವುದು ಹದಿನಾಲ್ಕನೆಯ ವಾರಕ್ಕೆ, ಹಾಗಾಗಿ ಆ ಹಾಳೆಯಲ್ಲಿ ಕಾಣುವ ವಸೂಲಿಯೆಲ್ಲ ಆಗಲೇ ಕೈಯಲ್ಲಿರುವ ಕೆಲಸದ್ದು, ಊಹೆಯ ಆರ್ಡರುಗಳದ್ದಲ್ಲ.

ಹಾಳೆಯ ಮೊದಲ ಅಂಕಿ ಬ್ಯಾಂಕ್ ಖಾತೆಯ ಉಳಿಕೆ. ಟ್ಯಾಲಿಯ ಉಳಿಕೆಯಲ್ಲ, ಸೋಮವಾರ ಬೆಳಿಗ್ಗೆ ಬ್ಯಾಂಕ್ ತೋರಿಸುವುದು. ಅದರಲ್ಲಿ ಕೊಟ್ಟು ಇನ್ನೂ ಪಾಸಾಗದ ಚೆಕ್ಕುಗಳನ್ನು ಕಳೆಯಬೇಕು. ಆಮೇಲೆ ಖರ್ಚುಗಳು. ಇವನ್ನು ಬರೆಯುವುದು ಸುಲಭ, ಬಹುಪಾಲು ತಾರೀಖುಗಳು ನಿಶ್ಚಿತ. ಎಲ್ಲ ಅಂಕಿಗಳನ್ನೂ ಜಿಎಸ್‌ಟಿ ಸೇರಿಸಿಯೇ ಬರೆಯಬೇಕು, ಏಕೆಂದರೆ ಖಾತೆಯಿಂದ ಹೋಗುವುದು, ಖಾತೆಗೆ ಬರುವುದು ಆ ಮೊತ್ತವೇ. ಸವಕಳಿಗೆ ಇಲ್ಲಿ ಜಾಗವಿಲ್ಲ. ಅಸಲು ಸೇರಿದ ಪೂರ್ತಿ ಕಂತಿಗೆ ಜಾಗವಿದೆ. ಮನೆಗೆ ತೆಗೆಯುವ ದುಡ್ಡನ್ನೂ ನಾಚದೆ ಒಂದು ಸಾಲಾಗಿ ಬರೆಯಬೇಕು. ಮುಂಗಡ ಆದಾಯ ತೆರಿಗೆ ಕಟ್ಟುವವರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15 ಬರುತ್ತದೆ. ದಸರಾ ಆಯುಧಪೂಜೆಯ ಹೊತ್ತಿನ ಬೋನಸ್ ಬರುತ್ತದೆ. ವರ್ಷಕ್ಕೊಮ್ಮೆ ಬರುವ ಇಂಥವೇ ತಲೆಯಿಂದ ಜಾರಿಹೋಗುವಂಥವು. ಕಳೆದ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟನ್ನು ಪಕ್ಕದಲ್ಲಿಟ್ಟುಕೊಂಡು ಬರೆದರೆ ಒಂದೂ ತಪ್ಪುವುದಿಲ್ಲ.

ಕಷ್ಟವಿರುವುದು ವಸೂಲಿಯ ಸಾಲಿನಲ್ಲಿ. ಇಲ್ಲಿ ಬಹುತೇಕರು ಬಿಲ್ಲಿನ ತಾರೀಖಿಗೆ 45 ದಿನ ಕೂಡಿಸಿ ಬರೆಯುತ್ತಾರೆ. ಆ ಹಾಳೆ ಆಸೆಯ ಪಟ್ಟಿಯಾಗುತ್ತದೆ. ಬರೆಯಬೇಕಾದದ್ದು ಆ ಗಿರಾಕಿಯ ನಡವಳಿಕೆ. ಪ್ರತಿ ಗಿರಾಕಿಯ ಹಿಂದಿನ ಎಂಟು ಹತ್ತು ಬಿಲ್ಲುಗಳನ್ನು ತೆಗೆದು, ಬಿಲ್ಲಾದ ದಿನದಿಂದ ಖಾತೆಗೆ ಬಿದ್ದ ದಿನದವರೆಗೆ ಎಷ್ಟು ದಿನವಾಯಿತೆಂದು ಬರೆದು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ. 58, 61, 66, 68, 72, 74, 75, 89 ಎಂದು ಬಂತು ಎನ್ನಿ. ಇದರ ಸರಾಸರಿ 70. ನನ್ನ ಅಭಿಪ್ರಾಯದಲ್ಲಿ ಹಾಳೆಗೆ 75 ಹಾಕಬೇಕು, ಎಂಟರಲ್ಲಿ ಏಳು ಬಿಲ್ಲುಗಳು ಅಷ್ಟರೊಳಗೆ ಬಂದಿವೆ ಎಂಬ ಕಾರಣಕ್ಕೆ. ಮೊದಲು ಬಂದರೆ ನಷ್ಟವಿಲ್ಲ. ಬಾರದ ದುಡ್ಡನ್ನು ನಂಬಿ ಉಕ್ಕಿಗೆ ಆರ್ಡರ್ ಕೊಟ್ಟರೆ ನಷ್ಟವಿದೆ.

ಆ 89 ದಿನದ ಬಿಲ್ಲು ಯಾಕೆ ತಡವಾಯಿತೆಂದು ಹುಡುಕಿದರೆ ಸಾಮಾನ್ಯವಾಗಿ ದುಡ್ಡಿಲ್ಲದೆ ತಡವಾಗಿರುವುದಿಲ್ಲ. ದೊಡ್ಡ ಕಂಪನಿಯಲ್ಲಿ ಮಾಲು ಗೇಟಿನೊಳಗೆ ಹೋದ ಮೇಲೆ ಕ್ಯೂಸಿಯವರು ಪರೀಕ್ಷಿಸಿ, ಸ್ಟೋರಿನವರು ಮಾಲು ಸ್ವೀಕರಿಸಿದ್ದೇವೆಂದು ಜಿಆರ್‌ಎನ್ ಹಾಕಬೇಕು. ಅದು ಬೀಳುವವರೆಗೆ ಅಕೌಂಟ್ಸಿನವರ ಮಟ್ಟಿಗೆ ಆ ಬಿಲ್ಲು ಇಲ್ಲವೇ ಇಲ್ಲ. ಪರ್ಚೇಸ್ ಆರ್ಡರಿನ ದರಕ್ಕೂ ಬಿಲ್ಲಿನ ದರಕ್ಕೂ ಒಂದು ರೂಪಾಯಿ ವ್ಯತ್ಯಾಸವಿದ್ದರೂ ಕಂಪ್ಯೂಟರ್ ತಡೆಹಿಡಿಯುತ್ತದೆ. ಎಲ್ಲ ಸರಿಯಿದ್ದರೂ ಅನೇಕ ಕಂಪನಿಗಳು ತಿಂಗಳಲ್ಲಿ ಎರಡೇ ದಿನ ಪೇಮೆಂಟ್ ಬಿಡುತ್ತವೆ. ಒಂದು ದಿನ ತಪ್ಪಿದರೆ ಹದಿನೈದು ದಿನ ಹಿಂದೆ. ಹಾಗಾಗಿ ಗಿರಾಕಿಯ ಪೇಮೆಂಟ್ ದಿನ ಯಾವುದು, ಆ ಸರದಿಗೆ ಸೇರಲು ಜಿಆರ್‌ಎನ್ ಎಂದಿನೊಳಗೆ ಬೀಳಬೇಕು ಎಂಬ ಎರಡು ಸಂಗತಿ ತಿಳಿದುಕೊಂಡರೆ ವಸೂಲಿಯ ಸಾಲು ಅರ್ಧ ಸರಿಹೋದಂತೆ. ಇನ್ನೊಂದು, ಹತ್ತು ಪೀಸ್ ರಿಜೆಕ್ಟ್ ಆಗಿ ಡೆಬಿಟ್ ನೋಟ್ ಬಂದಿದ್ದರೆ ಬರುವ ಮೊತ್ತವೂ ಬಿಲ್ಲಿಗಿಂತ ಕಡಿಮೆಯಿರುತ್ತದೆ.

ಇಷ್ಟು ಹಿಡಿದು ಜುಲೈ 6ರ ಸೋಮವಾರ ಬರೆದ ಹಾಳೆಯ ಮೊದಲ ಆರು ವಾರ ಹೀಗೆ ಕಾಣುತ್ತದೆ. ಅಂಕಿಗಳು ಲಕ್ಷ ರೂಪಾಯಿಯಲ್ಲಿ, ಆರಂಭದ ಉಳಿಕೆ 1.90.

| ವಾರ | ಬರುವುದು | ಹೋಗುವುದು | ವಾರದ ಕೊನೆಗೆ ಉಳಿಕೆ | ಮೂರನೆಯ ವಾರದ ಪೇಮೆಂಟ್ 2 ವಾರ ತಡವಾದರೆ ಉಳಿಕೆ |
|---|---|---|---|---|
| ಜುಲೈ 6–11 | 4.72 | 2.60 | 4.02 | 4.02 |
| ಜುಲೈ 13–18 | 0 | 3.16 | 0.86 | 0.86 |
| ಜುಲೈ 20–25 | 4.72 | 1.12 | 4.46 | −0.26 |
| ಜುಲೈ 27–ಆಗಸ್ಟ್ 1 | 0 | 2.46 | 2.00 | −2.72 |
| ಆಗಸ್ಟ್ 3–8 | 4.72 | 1.70 | 5.02 | 5.02 |
| ಆಗಸ್ಟ್ 10–15 | 0 | 4.06 | 0.96 | 0.96 |

ಮೊದಲ ವಾರ ಸಂಬಳ, ಕಂತು, ಬಾಡಿಗೆ. ಎರಡನೆಯ ವಾರ ಉಕ್ಕು, ಪಿಎಫ್, ಮನೆಖರ್ಚು. ಮೂರನೆಯ ವಾರ ಎರಡು ಲಾಟಿನ ಜಿಎಸ್‌ಟಿ 72 ಸಾವಿರ, ಕರೆಂಟು ಬಿಲ್ಲು. ನಾಲ್ಕನೆಯ ವಾರ ಮತ್ತೆ ಉಕ್ಕು. ಇವಲ್ಲದೆ ಟೂಲು, ಸಾಗಣೆಯಂಥ ಚಿಲ್ಲರೆಗೆ ವಾರಕ್ಕೆ 10 ಸಾವಿರ.

ನೋಡಬೇಕಾದದ್ದು ಕೊನೆಯ ಎರಡು ಕಂಬಗಳನ್ನು. ಒಂದೇ ಒಂದು ಪೇಮೆಂಟ್ ಎರಡು ವಾರ ಜಾರಿತು, ಉಳಿದದ್ದೆಲ್ಲ ಹಾಗೇ ಇದೆ. ಮಾರಾಟ ಅಷ್ಟೇ, ಖರ್ಚು ಅಷ್ಟೇ, ಜುಲೈ ತಿಂಗಳ ಲಾಭದಲ್ಲಿ ಒಂದು ರೂಪಾಯಿ ವ್ಯತ್ಯಾಸವಿಲ್ಲ. ಐದನೆಯ ವಾರಕ್ಕೆ ಎರಡೂ ಕಂಬ ಮತ್ತೆ ಒಂದಾಗುತ್ತವೆ. ನಡುವೆ ಎರಡು ವಾರ ಮಾತ್ರ 2.72 ಲಕ್ಷದ ಹೊಂಡ. ಆಗಸ್ಟಿನ ಲೆಕ್ಕ ನೋಡುವ ಆಡಿಟರಿಗೆ ಈ ಹೊಂಡದ ಸುಳಿವೂ ಸಿಗದು. ಅದರಲ್ಲಿ ಬಿದ್ದವರು ಮಾತ್ರ ಜುಲೈ 20ರ ಜಿಎಸ್‌ಟಿ ತಪ್ಪಿಸಿ ವರ್ಷಕ್ಕೆ ಶೇ. 18ರ ಬಡ್ಡಿ ಮತ್ತು ತಡವಾದ ಶುಲ್ಕ ಕಟ್ಟಿರುತ್ತಾರೆ, ಇಲ್ಲವೆ ಕೈಗಡಕ್ಕೆ ಓಡಾಡಿರುತ್ತಾರೆ.

ಹಾಳೆ ಇರುವವರು ಇದನ್ನು ಜುಲೈ 6ಕ್ಕೇ ನೋಡಿದ್ದಾರೆ. ಹದಿನಾಲ್ಕು ದಿನ ಮೊದಲು ತಿಳಿದರೆ ಮಾಡಬಹುದಾದದ್ದು ಬಹಳ ಇದೆ, ಹಿಂದಿನ ಸಂಜೆ ತಿಳಿದರೆ ಸಾಲ ಕೇಳುವುದೊಂದೇ ಉಳಿಯುತ್ತದೆ. ಮೊದಲ ಕೆಲಸ ಗಿರಾಕಿಯ ಅಕೌಂಟ್ಸಿಗೆ ಫೋನು. "ನಮ್ಮ ಪೇಮೆಂಟ್ ಸ್ವಲ್ಪ ನೋಡಿ ಸಾರ್" ಎಂದು ಕೇಳಿದರೆ "ಪ್ರೋಸೆಸ್‌ನಲ್ಲಿದೆ" ಎಂಬ ಉತ್ತರ ಬರುತ್ತದೆ. ಬಿಲ್ ನಂಬರ್, ಡಿಸಿ ನಂಬರ್, ಮಾಲು ಗೇಟಿನೊಳಗೆ ಹೋದ ದಿನ ಹೇಳಿ "ಇದಕ್ಕೆ ಜಿಆರ್‌ಎನ್ ಆಗಿದೆಯಾ, 20ರ ಪೇಮೆಂಟಿನಲ್ಲಿ ಬರುತ್ತದಾ" ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ಇಲ್ಲ ಎಂದರೆ ಅದೇ ದಿನ ಸ್ಟೋರಿಗೆ ಹೋಗಿ ಬಿಡಿಸಿಕೊಂಡು ಬರಲು ಹೊತ್ತಿದೆ. ಎರಡನೆಯದು ನಾಲ್ಕನೆಯ ವಾರದ ಉಕ್ಕು. ಅದನ್ನು ಎರಡು ಕಂತಾಗಿ, ಅರ್ಧ ಆ ವಾರ, ಅರ್ಧ ಮುಂದಿನ ವಾರ ತಂದರೆ 1.18 ಲಕ್ಷದ ಒತ್ತಡ ಇಳಿಯುತ್ತದೆ. ಲಾರಿ ಬಾಡಿಗೆ ಒಂದು ಸಲ ಹೆಚ್ಚು ಬೀಳುತ್ತದೆ, ಅಷ್ಟೆ. ಮನೆಗೆ ತೆಗೆಯುವುದನ್ನು ಎರಡು ವಾರ ಮುಂದೂಡಿದರೆ ಇನ್ನೊಂದು 45 ಸಾವಿರ. ಜಿಎಸ್‌ಟಿ, ಪಿಎಫ್, ಸಂಬಳ ಈ ಮೂರನ್ನು ಮುಂದೂಡುವ ಪಟ್ಟಿಗೆ ಸೇರಿಸಬಾರದು. ಕೆಲಸಗಾರರ ಸಂಬಳದಿಂದ ಹಿಡಿದ ಪಿಎಫ್ ಅವರ ಹಣ. ಅದನ್ನು ಉಕ್ಕಿಗೆ ಬಳಸುವುದು ಅಪರಾಧವೂ ಹೌದು.

ಇಷ್ಟಾದರೂ ಸಾಲದಿದ್ದರೆ ಬಿಲ್ಲನ್ನೇ ದುಡ್ಡಾಗಿಸುವ ದಾರಿಯಿದೆ. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಟ್ರೆಡ್ಸ್ ಎಂಬ ವೇದಿಕೆಗಳಲ್ಲಿ ಸಣ್ಣ ಉದ್ಯಮದವರು ತಮ್ಮ ಬಿಲ್ಲನ್ನು ಏರಿಸುತ್ತಾರೆ. ಗಿರಾಕಿ ಕಂಪನಿ ಒಪ್ಪಿದ ಮೇಲೆ ಬ್ಯಾಂಕುಗಳು ಅದಕ್ಕೆ ಬಡ್ಡಿದರ ಹೇಳಿ ಪೈಪೋಟಿ ನಡೆಸುತ್ತವೆ. ಬಡ್ಡಿ ಕಳೆದ ಮೊತ್ತ ಒಂದೆರಡು ದಿನದಲ್ಲಿ ಖಾತೆಗೆ ಬೀಳುತ್ತದೆ. ದರ ನಿಲ್ಲುವುದು ದೊಡ್ಡ ಕಂಪನಿಯ ಯೋಗ್ಯತೆಯ ಮೇಲೆ, ಸಣ್ಣವರ ಮೇಲಲ್ಲ. ಕಂಪನಿ ಆಮೇಲೆ ಕೊಡದಿದ್ದರೂ ಬ್ಯಾಂಕ್ ಸಣ್ಣವರನ್ನು ಹಿಡಿಯುವಂತಿಲ್ಲ. 4.72 ಲಕ್ಷದ ಬಿಲ್ಲಿಗೆ 60 ದಿನಕ್ಕೆ ಶೇ. 9 ದರವಾದರೆ ಬೀಳುವ ಬಡ್ಡಿ ಸುಮಾರು 7 ಸಾವಿರ. ವರ್ಷಕ್ಕೆ 250 ಕೋಟಿ ಮೀರಿ ವಹಿವಾಟಿರುವ ಕಂಪನಿಗಳು 2025ರ ಮಾರ್ಚ್ 31ರೊಳಗೆ ಈ ವೇದಿಕೆಗೆ ಸೇರಬೇಕೆಂದು ಕೇಂದ್ರ ಸರಕಾರ ಆದೇಶಿಸಿದೆ. ತೊಡಕೊಂದೇ, ಕಂಪನಿ ನೋಂದಾಯಿಸಿಕೊಂಡರೆ ಸಾಲದು, ಪ್ರತಿ ಬಿಲ್ಲನ್ನೂ ಒಪ್ಪಬೇಕು. ಒಪ್ಪುವ ಗುಂಡಿ ಒತ್ತುವವರು ಅದೇ ಅಕೌಂಟ್ಸ್ ವಿಭಾಗದವರು.

ಬ್ಯಾಂಕಿನ ಕ್ಯಾಶ್ ಕ್ರೆಡಿಟ್, ಅಂದರೆ ಸಿಸಿ ಖಾತೆ ಇರುವವರು ಅದೇ ತಮ್ಮ ಹೊಂಡ ಮುಚ್ಚುತ್ತದೆಂದು ನಂಬಿರುತ್ತಾರೆ. ಬಹುಮಟ್ಟಿಗೆ ನಿಜ. ಆದರೆ ಎಷ್ಟು ತೆಗೆಯಬಹುದೆಂದು ಬ್ಯಾಂಕ್ ಪ್ರತಿ ತಿಂಗಳೂ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ 90 ದಿನ ಮೀರಿದ ಬಾಕಿ ಬಿಲ್ಲುಗಳನ್ನು ಆ ಲೆಕ್ಕದಿಂದ ತೆಗೆದುಬಿಡುತ್ತಾರೆ. ಗಿರಾಕಿ ತೀರಾ ತಡ ಮಾಡಿದಾಗಲೇ ಸಿಸಿಯೂ ಕುಗ್ಗುತ್ತದೆ, ಒಂದೇ ಕಾರಣಕ್ಕೆ ಎರಡೂ ಕಡೆ ಹೊಡೆತ. ಹಾಗಾಗಿ ಹಾಳೆಯಲ್ಲಿ ಸಿಸಿಯ ಮಂಜೂರಾದ ಮಿತಿ ಬರೆಯದೆ, ಆ ತಿಂಗಳು ನಿಜಕ್ಕೂ ತೆಗೆಯಬಹುದಾದ ಮೊತ್ತ ಬರೆಯಬೇಕು.

ಕಾನೂನಿನ ಬಲವೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಮಾಲು ಒಪ್ಪಿದ ದಿನದಿಂದ 45 ದಿನ ಮೀರಿ ಬಾಕಿ ಇಡುವಂತಿಲ್ಲ, ಒಪ್ಪಂದದಲ್ಲಿ ಎಷ್ಟೇ ಬರೆದಿರಲಿ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. 2023ರ ಹಣಕಾಸು ಕಾಯ್ದೆ ಇನ್ನೊಂದು ಬಿಗಿ ತಂದಿತು. ಹೀಗೆ ಬಾಕಿ ಇಟ್ಟ ಮೊತ್ತವನ್ನು ನಿಜಕ್ಕೂ ಕೊಡುವ ವರ್ಷದವರೆಗೆ ಗಿರಾಕಿ ಕಂಪನಿ ತನ್ನ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಉದ್ಯಮ್ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸುವುದು ಇದಕ್ಕಾಗಿ. ಬಡ್ಡಿಗೆ ದೂರು ಕೊಡುವವರು ಕಡಿಮೆ, ಏಕೆಂದರೆ ದೂರು ಕೊಟ್ಟ ಗಿರಾಕಿಯೇ ಮುಂದಿನ ಆರ್ಡರನ್ನೂ ಕೊಡಬೇಕು. ಆದ್ದರಿಂದ ವಾರದ ಹಾಳೆಯಲ್ಲಿ ಕಾನೂನಿನ 45 ದಿನವನ್ನು ಬರೆಯುವಂತಿಲ್ಲ. ಮಾತುಕತೆಯಲ್ಲಿ ಎತ್ತುವುದಕ್ಕೆ ಮಾತ್ರ ಅದು ಚೆನ್ನಾಗಿ ಒದಗುತ್ತದೆ, ಮಾರ್ಚ್ ತಿಂಗಳಲ್ಲಿ ವಿಶೇಷವಾಗಿ.

ಹಾಳೆ ಒಮ್ಮೆ ಬರೆದು ಮುಗಿಸುವುದಲ್ಲ. ಪ್ರತಿ ಸೋಮವಾರ ಕಳೆದ ವಾರ ಬರೆದದ್ದನ್ನು ಬ್ಯಾಂಕ್ ಸ್ಟೇಟ್‌ಮೆಂಟಿಗೆ ಹಿಡಿದು ನೋಡಿ, ಒಂದು ವಾರ ಹೊಡೆದುಹಾಕಿ, ಕೊನೆಗೆ ಹೊಸ ವಾರ ಸೇರಿಸಬೇಕು. ಹಿಡಿದು ನೋಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಬರಬೇಕಾದ್ದು ತಡವಾಯಿತೋ, ಬರುವುದೇ ಇಲ್ಲವೋ? ತಡವಾದದ್ದಾದರೆ ಮುಂದಿನ ವಾರಕ್ಕೆ ಸರಿಸಿದರಾಯಿತು. ಡೆಬಿಟ್ ನೋಟಿನಿಂದ ಕಡಿತವಾದದ್ದು, ವ್ಯಾಜ್ಯಕ್ಕೆ ಬಿದ್ದದ್ದು ಮುಂದಿನ ವಾರವೂ ಬರುವುದಿಲ್ಲ. ಅದನ್ನು ಹಾಳೆಯಿಂದಲೇ ತೆಗೆಯಬೇಕು. ವಾರದಿಂದ ವಾರಕ್ಕೆ ಸರಿಯುತ್ತಲೇ ಇರುವ ಒಂದು ಪೇಮೆಂಟ್ ಹಾಳೆಯಲ್ಲಿ ಕಂಡರೆ ಅದು ತಡವಾದದ್ದಲ್ಲ, ಬಾರದ ಜಾತಿಗೆ ಸೇರಿದ್ದು. ಮೂರು ಸಲ ಸರಿಸಿದ್ದನ್ನು ತೆಗೆದುಬಿಟ್ಟು ಉಳಿಕೆ ಎಷ್ಟೆಂದು ನೋಡುವುದು ಒಳ್ಳೆಯದು. ಮೊದಲ ನಾಲ್ಕು ವಾರದ ಅಂಕಿಗಳು ಗಟ್ಟಿಯಾಗಿರಬೇಕು. ಎಂಟನೆಯ ವಾರದಾಚೆಯವು ದಿಕ್ಕು ತೋರಿಸಿದರೆ ಸಾಕು.

ಈ ಹಾಳೆ ನಿಜವಾಗಿ ಬೆಲೆ ಬಾಳುವುದು ಒಳ್ಳೆಯ ಸುದ್ದಿ ಬಂದ ದಿನ. ಪಂಪ್ ಕಂಪನಿಯವರು ಕರೆದು, ಇನ್ನು ಮೇಲೆ ವಾರಕ್ಕೊಂದು ಲಾಟ್ ಕೊಡಿ ಎಂದರು ಎನ್ನಿ. ಮಾರಾಟ ಎರಡು ಪಟ್ಟು. ಎರಡನೆಯ ಪಾಳಿ ನಡೆಸಿದರೆ ಇರುವ ಯಂತ್ರದಲ್ಲೇ ಆಗುತ್ತದೆ. ಬಾಡಿಗೆಯಂಥ ಖರ್ಚು ಏರದಿರುವುದರಿಂದ ಲಾಭ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಬರಬಹುದು. ಹಾಗಿದ್ದರೂ ಅದೇ 55 ಸಾವಿರ ಎಂದಿಟ್ಟುಕೊಂಡರೂ ವರ್ಷಕ್ಕೆ ಹೆಚ್ಚುವರಿ 14.3 ಲಕ್ಷ. ಸಾಲಿನಲ್ಲಿ ಸಿಕ್ಕಿಕೊಳ್ಳುವ ದುಡ್ಡು ಮಾತ್ರ 26 ಲಕ್ಷದಿಂದ 52 ಲಕ್ಷಕ್ಕೆ ಏರುತ್ತದೆ. ಹೆಚ್ಚುವರಿ 26 ಲಕ್ಷ ಬೇಕಾಗುವುದು ಮೊದಲ ಮೂರು ತಿಂಗಳಲ್ಲೇ, ಆ ಲಾಟುಗಳ ಮೊದಲ ರೂಪಾಯಿ ಬರುವ ಮುಂಚೆ. ಆರ್ಡರ್ ಸಿಕ್ಕ ಖುಷಿಯಲ್ಲಿ ಕೈಯಲ್ಲಿದ್ದದ್ದನ್ನೆಲ್ಲ ಉಕ್ಕಿಗೆ ಸುರಿದು, ಸಂಬಳದ ವಾರಕ್ಕೆ ನಿಂತುಹೋದ ವರ್ಕ್‌ಶಾಪುಗಳ ಕಥೆ ಬೇಕಾದಷ್ಟಿದೆ. ಅವು ನಷ್ಟದಿಂದ ಮುಚ್ಚಿದವಲ್ಲ.

ಆರ್ಡರ್ ಬಿಡಬೇಕೆಂದು ಇದರ ಅರ್ಥವಲ್ಲ. ಹಾಳೆಯನ್ನು ಮುಂದಿಟ್ಟುಕೊಂಡು ಚೌಕಾಸಿ ಮಾಡಬೇಕೆಂದು ಅರ್ಥ. ನಮ್ಮಲ್ಲಿ ಎಲ್ಲರೂ ಪೀಸಿನ ದರಕ್ಕೆ ಜಗ್ಗಾಡುತ್ತಾರೆ, ದಿನಕ್ಕೆ ಯಾರೂ ಜಗ್ಗಾಡುವುದಿಲ್ಲ. ವಾರಕ್ಕೊಂದು ಲಾಟಿನ ವೇಗದಲ್ಲಿ ಪೇಮೆಂಟ್ ಒಂದು ದಿನ ಬೇಗ ಬಂದರೆ ಸುಮಾರು 60 ಸಾವಿರ ರೂಪಾಯಿ ಶಾಶ್ವತವಾಗಿ ಬಿಡುಗಡೆಯಾಗುತ್ತದೆ. 95 ದಿನವನ್ನು 70ಕ್ಕೆ ಇಳಿಸಿಕೊಂಡರೆ ಸುಮಾರು 15 ಲಕ್ಷ. ಇನ್ನೂ ಹೆಚ್ಚಿನದು ಉಕ್ಕಿನ ಮಾತು. ಪರ್ಚೇಸ್ ಆರ್ಡರಿನ ಜೊತೆಗೇ ಉಕ್ಕಿನ 2.36 ಲಕ್ಷ ಮುಂಗಡ ಕೊಡಲು ಕಂಪನಿ ಒಪ್ಪಿದರೆ, ಸರಕಿನ ಮುಂಗಡದ ಮೇಲೆ ಆಗಲೇ ಜಿಎಸ್‌ಟಿ ಕಟ್ಟಬೇಕಾಗಿಲ್ಲ, ಮತ್ತು ವಾರಕ್ಕೊಂದು ಲಾಟ್ ಮಾಡಿದರೂ ಸಿಕ್ಕಿಕೊಳ್ಳುವುದು 20 ಲಕ್ಷದ ಆಸುಪಾಸು, ಅಂದರೆ ಇಂದಿನ 26 ಲಕ್ಷಕ್ಕಿಂತ ಕಡಿಮೆ. ಮುಂಗಡಕ್ಕೆ ಒಪ್ಪದ ಕಂಪನಿಗಳು ಎಷ್ಟೋ ಸಲ ತಮ್ಮದೇ ಉಕ್ಕು ಕಳಿಸಿ ಜಾಬ್ ವರ್ಕ್ ಮಾಡಿಸಿಕೊಳ್ಳಲು ಒಪ್ಪುತ್ತವೆ. ಆಗ ಬಿಲ್ಲಿನ ಮೊತ್ತ ಚಿಕ್ಕದಾಗುತ್ತದೆ, ವರ್ಷದ ವಹಿವಾಟಿನ ಅಂಕಿ ಇಳಿಯುತ್ತದೆ. ವಹಿವಾಟು ಇಳಿದರೆ ಬ್ಯಾಂಕಿನ ಸಿಸಿ ಮಿತಿ ನವೀಕರಣಕ್ಕೆ ಹೋದಾಗ ಪ್ರಶ್ನೆ ಬರಬಹುದು. ಅದಕ್ಕೆ ಆ ಹದಿಮೂರು ವಾರದ ಹಾಳೆಯನ್ನೇ ಮ್ಯಾನೇಜರ ಮುಂದಿಟ್ಟು ಉತ್ತರ ಹೇಳಬಹುದು.